ನಿಂಬೆಹಣ್ಣು, ಅಡುಗೆ ಸೋಡಾ ಮತ್ತು ನನ್ನ ಕಂಕುಳು

ಚಿಕ್ಕಮ್ಮನ ಮಗಳ ಮದುವೆಗೆ 12 ದಿನ ಬಾಕಿ ಇತ್ತು. ಮೊದಲ ಸಲ ಸ್ಲೀವ್‌ಲೆಸ್ ಬ್ಲೌಸ್ ಹೊಲಿಸಿದ್ದೆ. ಹಾಕಿಕೊಂಡು ಕನ್ನಡಿ ಮುಂದೆ ಕೈ ಎತ್ತಿದೆ, ಎರಡೂ ಕಂಕುಳು ಕಾಫಿ ಡಿಕಾಕ್ಷನ್ ಬಣ್ಣ. ಅವತ್ತೇ ರಾತ್ರಿ ಒಂದು ವಿಡಿಯೋ ನೋಡಿ, ನಿಂಬೆಹಣ್ಣಿನ ಹೋಳಿಗೆ ಅಡುಗೆ ಸೋಡಾ ಅದ್ದಿ ಉಜ್ಜಿದೆ. ಬುಸ್ ಅಂತ ನೊರೆ ಬಂತು. ಕೊಳೆ ಬಿಡ್ತಿದೆ ಅಂದುಕೊಂಡೆ.

ಕೊಳೆಯೂ ಇಲ್ಲ, ಮಣ್ಣೂ ಇಲ್ಲ. ಹುಳಿಗೆ ಸೋಡಾ ಬಿದ್ದರೆ ಎಲ್ಲಿದ್ದರೂ ನೊರೆ ಬರುತ್ತದೆ, ಲೋಟದಲ್ಲೂ ಬರುತ್ತದೆ.

ಮೂರನೇ ದಿನ ಉರಿ ಶುರುವಾಯಿತು. ನಾಲ್ಕನೇ ದಿನ ಈರುಳ್ಳಿ ಸಿಪ್ಪೆಯಂತೆ ಚರ್ಮ ಎದ್ದು, ಕೆಳಗೆ ಕೆಂಪಗೆ ಒಸರುತ್ತಿತ್ತು. ಮದುವೆಗೆ ಉದ್ದ ತೋಳಿನ ಹಳೇ ಬ್ಲೌಸ್ ಹಾಕಿಕೊಂಡು ಹೋದೆ, ಕೈ ಮೇಲೆತ್ತಿ ಅಕ್ಷತೆ ಹಾಕಲೂ ಆಗಲಿಲ್ಲ. ಗಾಯ ಒಣಗಿದ ಮೇಲೆ ನೋಡಿದರೆ ಮೊದಲಿಗಿಂತ ಜಾಸ್ತಿ ಕಪ್ಪು.

ಆಮೇಲೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಹೇಳಿದ ಮಾತು ಇದು: ನಮ್ಮಂಥ ಕಂದು ಚರ್ಮಕ್ಕೆ ಎಲ್ಲೇ ಪೆಟ್ಟು ಬಿದ್ದರೂ, ಉರಿ ಬಂದರೂ, ಅದು ಅಲ್ಲಿಗೆ ಬಣ್ಣ ತಂದು ಸುರಿಯುತ್ತದೆ. ಸೊಳ್ಳೆ ಕಚ್ಚಿ ಕೆರೆದ ಜಾಗ ಕಪ್ಪಾಗುವುದೂ ಹಾಗೇ. ಅಂದರೆ ನನ್ನ ಕಂಕುಳು ಮೊದಲು ಕಪ್ಪಾಗಿದ್ದೇ ದಿನಾ ಬಿದ್ದ ಸಣ್ಣ ಸಣ್ಣ ಪೆಟ್ಟಿನಿಂದ. ಅದನ್ನು ತೆಗೆಯಲು ಹೋಗಿ ನಾನು ಇನ್ನೂ ದೊಡ್ಡ ಪೆಟ್ಟು ಕೊಟ್ಟೆ. ಹುಳಿ ಎಷ್ಟು ಅಂತ ಅಳೆಯುವ ಪಿಎಚ್ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ, ಚರ್ಮದ್ದು 5ರ ಆಸುಪಾಸು ಇರುತ್ತದೆ. ನಿಂಬೆರಸದ್ದು 2, ಸೋಡಾದ್ದು 8ಕ್ಕಿಂತ ಮೇಲೆ. ಜೊತೆಗೆ ಕಂಕುಳು ಸದಾ ಮುಚ್ಚಿಕೊಂಡು ಬೆವರುವ ಜಾಗ. ಹಚ್ಚಿದ್ದು ಅಲ್ಲಿ ಬೇಗ ಒಳಗಿಳಿಯುತ್ತದೆ. ಅಂಗೈಗೆ ಏನೂ ಆಗದ್ದು ಅಲ್ಲಿ ಸುಡುತ್ತದೆ.

ಹಾಗಾಗಿ "ಉರಿದರೆ ಕೆಲಸ ಮಾಡ್ತಿದೆ ಅಂತ ಅರ್ಥ" ಅನ್ನುವ ಮಾತು ಕೇಳಿದರೆ ನನಗೆ ಈಗ ಸಿಟ್ಟು ಬರುತ್ತದೆ. ಉರಿದರೆ ಇನ್ನೂ ಕಪ್ಪಾಗುತ್ತದೆ, ಅಷ್ಟೇ.

ಕ್ರೀಮ್ ಬರೆಯುವ ಮೊದಲು ಡಾಕ್ಟರ್ ಕಪ್ಪು ಎಲ್ಲಿದೆ ಅಂತ ನೋಡಿದರು. ಇದು ಯಾರು ಬೇಕಾದರೂ ಮನೆಯಲ್ಲೇ ನೋಡಿಕೊಳ್ಳಬಹುದು. ಕಂಕುಳ ಗುಳಿಯ ಒಳಗೇ ತುರಿಕೆ, ಕೆಂಪು ಇದ್ದರೆ ಹೆಚ್ಚಾಗಿ ಡಿಯೋಡರೆಂಟ್ ಮೇಲೆ ಅನುಮಾನ, ಅದರಲ್ಲೂ ಅದರ ಸುವಾಸನೆ ಮೇಲೆ. ಗುಳಿ ಸರಿಯಿದ್ದು ಅಂಚು ಮಾತ್ರ ಕೆಟ್ಟಿದ್ದರೆ ಬಟ್ಟೆಯ ಬಣ್ಣ, ಹೊಲಿಗೆ, ಉಜ್ಜಾಟ. ನನಗೆ ಎರಡೂ ಇತ್ತು! ಬ್ಲೌಸಿನ ಆರ್ಮ್‌ಹೋಲ್ ಎಷ್ಟು ಬಿಗಿ ಅಂದರೆ, ಸಂಜೆ ಬಿಚ್ಚಿದಾಗ ಹೊಲಿಗೆಯ ಗೆರೆ ಚರ್ಮದ ಮೇಲೆ ಅಚ್ಚೊತ್ತಿರುತ್ತಿತ್ತು. ಮೂರು ದಿನಕ್ಕೊಮ್ಮೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಸುಮ್ನೆ ಒಣ ಚರ್ಮದ ಮೇಲೇ ರೇಜರ್ ಎಳೆದು, ಮರುಕ್ಷಣವೇ ಸ್ಪ್ರೇ ಹೊಡೆಯುತ್ತಿದ್ದೆ. ಕಣ್ಣಿಗೆ ಕಾಣದ ಗೀರುಗಳ ಮೇಲೆ ಆಲ್ಕೋಹಾಲ್. ಚುರ್ ಅನ್ನುತ್ತಿತ್ತು, ಅದೂ ಅಭ್ಯಾಸವಾಗಿತ್ತು.

ಗಾಯಕ್ಕೆ ಐದು ದಿನ ಒಂದು ಮೃದು ಮುಲಾಮು ಕೊಟ್ಟರು. ಆಮೇಲೆ ಒಂದು ತಿಂಗಳು ಬಿಳಿ ಮಾಡುವ ಯಾವ ಔಷಧಿಯೂ ಇಲ್ಲ. ನನಗೆ ಬೇಜಾರಾಯಿತು, ದುಡ್ಡು ಕೊಟ್ಟು ಬಂದಿದ್ದೇನಲ್ಲ. ಆದರೆ ಆ ತಿಂಗಳೇ ಅರ್ಧ ಕೆಲಸ ಮಾಡಿದ್ದು. ಸ್ಪ್ರೇ ಬಿಟ್ಟೆ. ರೇಜರ್ ಬಿಟ್ಟು ಟ್ರಿಮ್ಮರ್ ಹಿಡಿದೆ. ಕೂದಲು ಒಂದು ಮಿಲಿಮೀಟರ್ ಉಳಿಯುತ್ತದೆ, ಉಳಿಯಲಿ. (ಬಿಳಿ ಚರ್ಮದವರ ಜಾಹೀರಾತು ನೋಡಿ ನಾವು ಆ ಒಂದು ಮಿಲಿಮೀಟರಿಗೆ ಇಷ್ಟು ಹೆದರುತ್ತೇವೆ, ಅಲ್ವಾ?) ನಾರು, ಸ್ಕ್ರಬ್ ಎಲ್ಲ ಮೂಲೆಗೆ. ಕೈಯಲ್ಲೇ ತೊಳೆದು, ಒತ್ತಿ ಒರೆಸಿ, ರಾತ್ರಿ ತೆಳ್ಳಗೆ ವಾಸನೆಯಿಲ್ಲದ ಮಾಯಿಶ್ಚರೈಸರ್. ರೇಜರ್ ಬೇಕೇ ಬೇಕು ಅನ್ನುವವರು ಸ್ನಾನದ ಕೊನೆಗೆ, ಕೂದಲು ನೆಂದ ಮೇಲೆ, ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು, ಅದೂ ರಾತ್ರಿ ಹೊತ್ತು. ಬೆಳಗಿನವರೆಗೆ ಏನೂ ಹಚ್ಚಬಾರದು.

ಎರಡನೇ ತಿಂಗಳು ಕ್ರೀಮ್ ಬಂತು. ಮೊದಲು ನಿಯಾಸಿನಮೈಡ್, 5 ಪರ್ಸೆಂಟ್, ದಿನಾ ರಾತ್ರಿ, ಎರಡೂ ಕಡೆಗೆ ಸೇರಿ ಒಂದು ಬಟಾಣಿಯಷ್ಟು. ಇದು ಬಣ್ಣ ಮೇಲಿನ ಪದರಕ್ಕೆ ಸಾಗುವುದನ್ನು ತಡೆಯುತ್ತದೆ. ಉರಿ ಕಡಿಮೆ, ಕೆಲಸ ನಿಧಾನ. ಮೂರು ವಾರ ಏನೂ ತೊಂದರೆ ಆಗದ ಮೇಲೆ ವಾರಕ್ಕೆ ಮೂರು ರಾತ್ರಿ ಅಜೆಲಾಯಿಕ್ ಆಸಿಡ್, 10 ಪರ್ಸೆಂಟ್. ಇದು ಬಣ್ಣ ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ಮೊದಲ ವಾರ ಹಚ್ಚಿದಾಗ ಇರುವೆ ಹರಿದಂತೆ ಐದು ನಿಮಿಷ ಚುಚ್ಚಿತು, ಆಮೇಲೆ ನಿಂತಿತು. ಅಷ್ಟು ಸರಿ. ಉರಿ ನಿಲ್ಲದಿದ್ದರೆ, ಬೆಳಗ್ಗೆಗೂ ಕೆಂಪು ಉಳಿದರೆ ತೊಳೆದು ಬಿಟ್ಟುಬಿಡಬೇಕು. ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ಏಳು ದಿನ ಹಚ್ಚಿ ನೋಡಿ. ಒಂದೇ ದಿನದ ಪರೀಕ್ಷೆಯಲ್ಲಿ ಅಲರ್ಜಿ ಸಿಕ್ಕಿಬೀಳದೇ ಹೋಗಬಹುದು.

ಒಂದು ಮಾತ್ರ ಮಾಡಬೇಡಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ "ಬೆಳ್ಳಗಾಗುವ" ಟ್ಯೂಬ್. ಅವುಗಳಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟಿರಾಯ್ಡ್ ಸೇರಿರುವುದು ಮಾಮೂಲು. ಎರಡು ವಾರದಲ್ಲಿ ನಿಜವಾಗಿಯೂ ಬೆಳ್ಳಗಾಗುತ್ತದೆ, ಮೋಸ ಇರುವುದೇ ಅಲ್ಲಿ. ನನ್ನ ಗೆಳತಿ ಐದು ತಿಂಗಳು ಹಚ್ಚಿದಳು. ಚರ್ಮ ತೆಳ್ಳಗಾಗಿ, ಬಸುರಿ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಕಂಕುಳಲ್ಲಿ ಬಂದವು. ಬಣ್ಣ ವಾಪಸ್ ಬಂತು, ಗೆರೆ ಹೋಗಲಿಲ್ಲ.

ಇನ್ನೊಂದು. ಕಪ್ಪು ಜಾಗ ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ ಇದೆಯಾ, ಕುತ್ತಿಗೆ ಹಿಂದೆಯೂ ಹಾಗೇ ಇದೆಯಾ ನೋಡಿ. ಇದ್ದರೆ ಕ್ರೀಮ್ ಆಮೇಲೆ, ಮೊದಲು ಶುಗರ್ ಟೆಸ್ಟ್. ಅದು ಹೆಚ್ಚಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ್ದರ ಗುರುತು. ಉಜ್ಜಿದರೆ ಹೋಗುವುದಿಲ್ಲ.

ಬೆವರಿಗೆ ಏನು ಮಾಡ್ತೀರಿ ಅಂತ ಕೇಳುತ್ತೀರಿ, ಗೊತ್ತು. ಸುವಾಸನೆ, ಆಲ್ಕೋಹಾಲ್ ಎರಡೂ ಇಲ್ಲದ ರೋಲ್-ಆನ್ ಸಿಗುತ್ತದೆ. ಬೆವರು ತಡೆಯುವ ಬಗೆಯದ್ದಾದರೆ ರಾತ್ರಿ ಒಣ ಚರ್ಮಕ್ಕೆ ಹಚ್ಚಿ ಮಲಗುವುದು, ಆಗ ಬೆವರು ಕಡಿಮೆ, ಅದಕ್ಕೇ ಚೆನ್ನಾಗಿ ಹಿಡಿಯುತ್ತದೆ. ಬ್ಯಾಗಿನಲ್ಲಿ ಒಂದು ಹತ್ತಿ ಕರ್ಚೀಫು ಇಟ್ಟಿರುತ್ತೇನೆ.

ಹದಿನೈದು ದಿನಕ್ಕೊಮ್ಮೆ ಅದೇ ಕಿಟಕಿ ಪಕ್ಕ, ಅದೇ ಹೊತ್ತಿಗೆ ಫೋಟೋ ತೆಗೆದೆ. ಆರನೇ ವಾರದವರೆಗೆ ಏನೂ ಬದಲಾವಣೆ ಕಾಣಲಿಲ್ಲ. ಹತ್ತನೇ ವಾರ ಅಂಚು ತಿಳಿಯಾಗಿತ್ತು. ಐದನೇ ತಿಂಗಳಿಗೆ ಡಿಕಾಕ್ಷನ್ನಿಗೆ ಸ್ವಲ್ಪ ಹಾಲು ಬಿದ್ದಿತ್ತು ಅನ್ನಿ. ಗುಳಿಯ ನಡುವೆ ಇನ್ನೂ ಒಂದು ಛಾಯೆ ಜಾಸ್ತಿಯೇ ಇದೆ. ಮಡಿಕೆ ಬೀಳುವ ಜಾಗ ತೋಳಿನ ಬಣ್ಣಕ್ಕೆ ಬರುವುದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಹೋದ ವಾರ ಎಲ್ಲ ಬ್ಲೌಸುಗಳನ್ನೂ ಟೈಲರ್ ಅಕ್ಕನ ಹತ್ತಿರ ಒಯ್ದು, ಆರ್ಮ್‌ಹೋಲ್ ಅರ್ಧ ಇಂಚು ಸಡಿಲ ಮಾಡಿಕೊಡಿ ಅಂದೆ. "ಫಿಟ್ಟಿಂಗ್ ಹೋಗುತ್ತೆ ಕಣಮ್ಮ" ಅಂದರು. ಹೋಗಲಿ ಅಕ್ಕ ಅಂದೆ.