ಒಂದು ಬಾಟಲಿ ಬಿಯರ್ ಎಷ್ಟು ಪೆಗ್‌ಗೆ ಸಮ?

"ಬರೀ ಒಂದು ಬಿಯರ್, ಅದರಲ್ಲೇನಿದೆ?" ಎಂದು ಮೇಲೆ ಒಬ್ಬರು ಕೇಳಿದ್ದಾರೆ.

ಸರ್, ಲೇಬಲ್ ಮೇಲಿನ ಶೇಕಡಾವನ್ನಷ್ಟೇ ನೋಡಬೇಡಿ, ಬಾಟಲಿಯ ಅಳತೆಯಿಂದ ಗುಣಿಸಿ. ನಮ್ಮ ಸಿಂಧನೂರಿನ ಬಿಸಿಲಿಗೆ ಜನ ಕೇಳುವ ಸ್ಟ್ರಾಂಗ್ ಬಿಯರ್ 650 ಮಿ.ಲೀ., ಶೇ. 8 ಅಂತಿಟ್ಟುಕೊಳ್ಳಿ. ಅದರಲ್ಲಿ 52 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ. ಅದು ನೀರಿಗಿಂತ ಹಗುರ, ಹಾಗಾಗಿ 0.79ರಿಂದ ಗುಣಿಸಿದರೆ ತೂಕ ಸುಮಾರು 41 ಗ್ರಾಂ. ಶೇ. 42.8ರ ವಿಸ್ಕಿಯ 60 ಮಿ.ಲೀ. ಪೆಗ್ಗಿನಲ್ಲಿ ಇರುವುದು 20 ಗ್ರಾಂ. ಅಂದರೆ ಆ 'ಬರೀ ಒಂದು ಬಿಯರ್' ಎರಡು ಲಾರ್ಜ್ ಪೆಗ್! 10 ಗ್ರಾಂಗೆ ಒಂದು ಯೂನಿಟ್ ಎಂದು ಹಿಡಿದರೆ ನಾಲ್ಕು ಯೂನಿಟ್. ಶೇ. 12ರ ವೈನ್ 150 ಮಿ.ಲೀ. ಗ್ಲಾಸಿಗೆ ಒಂದೂವರೆಯ ಹತ್ತಿರ ಬರುತ್ತದೆ. ಸೋಡಾ ಎಷ್ಟೇ ಜಾಸ್ತಿ ಸುರಿದರೂ ಪೆಗ್ಗಿನ ಯೂನಿಟ್ ಕಮ್ಮಿಯಾಗಲ್ಲ, ರುಚಿ ಮಾತ್ರ ತೆಳುವಾಗುತ್ತದೆ.