ಮೂಗು ಉದ್ದವಾದರೆ ಕೋಪ ಕಮ್ಮಿ

ಪ್ರಶ್ನೆ: ಧರ್ಮಗ್ರಂಥದ ಅನುವಾದ ಮೂಲದ ಪದವನ್ನೇ ಹಿಡಿದು ನಡೆಯಬೇಕೇ?

ಪರ: ಒಂದು ಪದಕ್ಕೆ ಒಂದೇ ಪದ ಇರಲಿ

ಸಿಡುಕರನ್ನು ಕಂಡರೆ 'ಮೂಗಿನ ತುದಿಯಲ್ಲೇ ಕೋಪ' ಅಂತೀವಿ ಅಲ್ವಾ? ಬೈಬಲಿನ ಹಳೆಯ ಒಡಂಬಡಿಕೆಯ ಮೂಲಭಾಷೆ ಹೀಬ್ರೂ ಇನ್ನೂ ಮುಂದೆ ಹೋಗಿದೆ. ಅಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ, 'ಅಫ್'. ಸಿಟ್ಟು ಬಂತು ಅನ್ನಲು 'ಮೂಗು ಉರಿಯಿತು' ಅನ್ನುತ್ತಾರೆ.

ಬೈಬಲಿನ ವಿಮೋಚನಕಾಂಡ 32ನೇ ಅಧ್ಯಾಯ ನೋಡಿ. ಜನ ಚಿನ್ನದ ಕರು ಮಾಡಿ ಪೂಜಿಸುತ್ತಾರೆ. ದೇವರು ಅವರ ನಾಯಕ ಮೋಶೆಗೆ 'ನನ್ನನ್ನು ಬಿಡು, ಇವರ ಮೇಲೆ ನನ್ನ ಮೂಗು ಉರಿಯಲಿ' ಎನ್ನುತ್ತಾನೆ. ಮೋಶೆ ಬೇಡಿಕೊಂಡು ಆ ಉರಿ ಇಳಿಸುತ್ತಾನೆ. ಆಮೇಲೆ ಬೆಟ್ಟ ಇಳಿದು ಕರು ಕಂಡಾಗ ಮೋಶೆಯ ಮೂಗೇ ಉರಿಯುತ್ತದೆ! ಕೈಯಲ್ಲಿದ್ದ ಕಲ್ಲಿನ ಹಲಗೆಗಳನ್ನು ಒಡೆದುಹಾಕುತ್ತಾನೆ. ಎರಡು ಅಧ್ಯಾಯ ದಾಟಿ, 34:6ರಲ್ಲಿ, ದೇವರು ತನ್ನ ಗುಣ ತಾನೇ ಹೇಳಿಕೊಳ್ಳುತ್ತಾನೆ: 'ಎರೆಖ್ ಅಪ್ಪಯಿಮ್'. ಅಪ್ಪಯಿಮ್ ಅದೇ 'ಅಫ್' ಪದದ ಇನ್ನೊಂದು ರೂಪ. ಪದಕ್ಕೆ ಪದ ಇಟ್ಟರೆ 'ಮೂಗಿನ ಹೊಳ್ಳೆ ಉದ್ದ ಇರುವವನು'. ಅಂದರೆ ಬೇಗ ಸಿಟ್ಟಾಗದವನು. ಉರಿದ ಮೂಗೇ ಇಲ್ಲಿ ಉದ್ದವಾಯಿತು. ಇಡೀ ಕತೆ ಈ ಒಂದು ಪದದ ಮೇಲೆ ನಿಂತಿದೆ. ಒಂದು ಕಡೆ 'ಕೋಪ', ಇನ್ನೊಂದು ಕಡೆ 'ತಾಳ್ಮೆ' ಎಂದು ಬರೆದರೆ ಆ ದಾರ ತುಂಡಾಗುತ್ತದೆ.

ಇದೇ ವಚನದಲ್ಲಿ ಮುಂದೆ 'ರವ್ ಹೆಸೆದ್' ಎಂದಿದೆ. ಹೆಸೆದ್ ಎಂದರೆ ಕೈಬಿಡದ ಪ್ರೀತಿ, ನಿಷ್ಠೆ. ಯೋನನ ಪುಸ್ತಕ 4:2ರಲ್ಲಿ, ಶತ್ರುಗಳ ಊರನ್ನು ದೇವರು ಕ್ಷಮಿಸಿಬಿಟ್ಟಾಗ, ಪ್ರವಾದಿ ಯೋನ ಇದೇ ಮಾತನ್ನು ದೇವರಿಗೇ ತಿರುಗಿಸಿ ಹೇಳುತ್ತಾನೆ. 'ನೀನು ಹೀಗೆ ಅಂತ ನಂಗೊತ್ತಿತ್ತು, ಅದಕ್ಕೇ ಓಡಿಹೋದೆ' ಎಂಬ ದೂರು ಅದು. ಎಂಥ ಚೆಂದದ ಕೆಣಕು! ಆದರೆ 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ ನೋಡಿ. ವಿಮೋಚನಕಾಂಡದಲ್ಲಿ ಮೂಗಿಗೆ 'ಲಾಂಗ್‌ಸಫರಿಂಗ್', ಹೆಸೆದ್‌ಗೆ 'ಗುಡ್‌ನೆಸ್'. ಯೋನದಲ್ಲಿ 'ಸ್ಲೋ ಟು ಆ್ಯಂಗರ್', 'ಕೈಂಡ್‌ನೆಸ್'. 103ನೇ ಕೀರ್ತನೆಗೆ ಹೋದರೆ ಹೆಸೆದ್ 'ಮರ್ಸಿ' ಆಗಿದೆ. ಯೋನ ಹಳೆಯ ಮಾತನ್ನೇ ಎತ್ತಿ ಆಡುತ್ತಿದ್ದಾನೆ ಅಂತ ಓದುಗನಿಗೆ ಹೇಗೆ ಗೊತ್ತಾಗಬೇಕು? ನನಗಂತೂ ವರ್ಷಗಟ್ಟಲೆ ಓದಿದರೂ ಗೊತ್ತಾಗಿರಲಿಲ್ಲ. ಆ ಅನುವಾದಕರಿಗೆ ಇದು ತಿಳಿಯದೇ ಆದದ್ದೂ ಅಲ್ಲ. ಒಂದೇ ಪದಕ್ಕೆ ಒಂದೇ ಪದ ಎಂಬ ಕಟ್ಟು ನಮಗಿಲ್ಲ ಅಂತ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾರೆ.

ಓದುಗರಿಗೆ ಅರ್ಥವಾಗಲ್ಲ ಅನ್ನುವವರು ಓದುಗರನ್ನು ಎಳೆಮಕ್ಕಳು ಅಂದುಕೊಂಡಿದ್ದಾರೆ. ಅಡಿಟಿಪ್ಪಣಿ ಇರುವುದು ಯಾಕೆ?

ವಿರೋಧ: ಅರ್ಥ ಮುಟ್ಟಲಿ

ಈ ಬದಿ ನನಗೆ ಬಂದದ್ದು ಸಂಪಾದಕರ ದಯೆಯಿಂದ. ಮೋಶೆಯ ಮೂಗಿನ ವಿಷಯಕ್ಕೆ ನಾನು ಹೋಗುವುದಿಲ್ಲ. ಅದು ಚೆನ್ನಾಗಿದೆ, ಇರಲಿ.

ಪದಕ್ಕೆ ಪದ ಅನ್ನುವವರ ಗುರು ಅಕ್ವಿಲ. ಎರಡನೇ ಶತಮಾನದಲ್ಲಿ ಹೀಬ್ರೂ ಗ್ರಂಥವನ್ನು ಗ್ರೀಕಿಗೆ ತಂದವನು. ಹೀಬ್ರೂವಿನಲ್ಲಿ 'ಎತ್' ಎಂಬ ಪುಟ್ಟ ಪದ ಇದೆ. ನಮ್ಮ 'ಅನ್ನು' ಮಾಡುವ ಕೆಲಸ ಅದರದು, ಬೇರೆ ಅರ್ಥವಿಲ್ಲ. ಅದನ್ನೂ ಬಿಡಬಾರದು ಅಂತ ಅವನು ಗ್ರೀಕಿನ 'ಜೊತೆ' ಎಂಬ ಪದ ಹಾಕಿದ. ಹಾಗಾಗಿ ಅವನ ಮೊದಲ ವಚನದಲ್ಲೇ, ಆಕಾಶವನ್ನು ಸೃಷ್ಟಿಸಿದ ಅನ್ನುವ ಕಡೆ, ಒಂದು 'ಜೊತೆ' ಸುಮ್ನೆ ನಿಂತಿದೆ.

ಇನ್ನು ಹೆಸೆದ್. ಯಾಜಕಕಾಂಡ 20:17ರಲ್ಲಿ ಒಡಹುಟ್ಟಿದವರು ಕೂಡುವುದನ್ನು ಇದೇ ಅಕ್ಷರಗಳ 'ಹೆಸೆದ್' ಎಂದು ಕರೆದಿದೆ. ಅಲ್ಲಿ ಅದರ ಅರ್ಥ ನಾಚಿಕೆಗೇಡು. ಅಲ್ಲೂ 'ಕೈಬಿಡದ ಪ್ರೀತಿ' ಎಂದು ಬರೆಯೋಣವೇ?

ನನಗೆ ಇದರ ಬಿಸಿ ತಟ್ಟಿದ್ದು ಅಜ್ಜಿಯಿಂದ. ಕಣ್ಣು ಮಂಜಾದ ಮೇಲೆ ನಾನೇ ಅವರಿಗೆ ಬೈಬಲ್ ಓದಿ ಹೇಳುತ್ತಿದ್ದೆ. ಒಂದು ದಿನ ಜಾಣತನ ತೋರಿಸಲು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ನಾನೇ ಮಾಡಿದ ಅನುವಾದ ಓದಿದೆ. ಜ್ಞಾನೋಕ್ತಿ 14:17: 'ಮೂಗು ಗಿಡ್ಡ ಇರುವವನು ಮೂರ್ಖತನ ಮಾಡುತ್ತಾನೆ.' ಅಜ್ಜಿ ಸುಮ್ಮನೆ ಕೂತರು. ಅವರದು ಚಪ್ಪಟೆ ಮೂಗು. ಅಮ್ಮನದೂ ಅದೇ, ನನ್ನದೂ ಅದೇ.

'ಇದು ದೇವರು ಹೇಳಿದ್ದಾ?' ಅಂದರು ಕೊನೆಗೆ.

ಗಿಡ್ಡ ಮೂಗು ಅಂದರೆ ಮುಂಗೋಪ ಅಂತ ವಿವರಿಸಿದೆ. ಉಸಿರು, ಹೊಳ್ಳೆ, ಬಿಸಿ ಎಲ್ಲ ಹೇಳಿದೆ. ಅಡಿಟಿಪ್ಪಣಿಯ ಕೆಲಸವನ್ನು ಬಾಯಲ್ಲೇ ಮಾಡಿದೆ ಅನ್ನಿ.

'ಹಾಗಾದರೆ ಮುಂಗೋಪಿ ಅಂತಲೇ ಓದಬಾರದಿತ್ತಾ ಮಗಾ' ಅಂದರು. ಮರುದಿನದಿಂದ ಹಳೆಯ ಪುಸ್ತಕವನ್ನೇ ಓದಿಸಿಕೊಂಡರು.