ಘಾಟಿ ಬಂದ್ ಆಗಿದ್ದು ನಿಜ, ಆದರೆ ಗೋಣಿಚೀಲದ ಕತೆಯನ್ನೂ ಬರೀಬೇಕಿತ್ತು

ಕುಶಾಲನಗರದ ನಮ್ಮ ಆಫೀಸಿನಲ್ಲಿ ಇಂಗ್ಲಿಷ್ ಪತ್ರಗಳನ್ನು ಬರೆಯುವುದು ನನ್ನ ಕೆಲಸ. ಹೋದ ಮಳೆಗಾಲದಲ್ಲಿ ಲಾಜಿಸ್ಟಿಕ್ಸ್ ಮ್ಯಾನೇಜರ್ ಒಂದು ಚೀಟಿ ಕೊಟ್ಟರು. ಇಟಲಿಯ ಗಿರಾಕಿಗೆ ಹೋಗಬೇಕಿದ್ದ 320 ಚೀಲ ಕಾಫಿ ಹಡಗಿಗೆ ಸಿಗಲಿಲ್ಲ, ಕ್ಷಮೆ ಕೇಳಿ ಪತ್ರ ಬರೀಬೇಕು.

ಚೀಟಿಯಲ್ಲಿ ಇದ್ದದ್ದು ಇಷ್ಟು: 'ಗೋಣಿ ಸೋಮವಾರ ಬಂತು. ಮಂಗಳವಾರ ಲೋಡ್ ಆಯ್ತು. ರಾತ್ರಿ ಲಾರಿ ಹೊರಟಿತು. ಸಂಪಾಜೆ ಘಾಟಿಯಲ್ಲಿ ಗುಡ್ಡ ಜಾರಿ ರೋಡ್ ಬಂದ್. ಬುಧವಾರ ಮಧ್ಯಾಹ್ನ ಬಂದರಿನ ಗೇಟ್ ಮುಚ್ಚಿತು. ಮುಂದಿನ ಹಡಗು 24ಕ್ಕೆ ಹೋಗ್ತದೆ.'

ಮೊದಲ ಕರಡಿನಲ್ಲಿ ನಾನೂ ಗುಡ್ಡದ ಮೇಲೇ ಹಾಕಿದೆ. 2018ರ ಆಗಸ್ಟ್ ಕಂಡವರಿಗೆ ಘಾಟಿ ಬಂದ್ ಅಂದರೆ ಬೇರೆ ವಿವರ ಬೇಡ ಅಲ್ವಾ. ಆಮೇಲೆ ಮೊದಲ ಸಾಲಿಗೆ ಕಣ್ಣು ಹೋಯಿತು. ಗೋಣಿ ಶುಕ್ರವಾರ ಬರಬೇಕಿತ್ತು. ಬಂದಿದ್ದರೆ ಶನಿವಾರ ತುಂಬಿ ಭಾನುವಾರವೇ ಲಾರಿ ಮಂಗಳೂರಲ್ಲಿರುತ್ತಿತ್ತು, ಗುಡ್ಡ ಜಾರಿದ್ದು ನಮಗೆ ಬಾಧಿಸುತ್ತಲೇ ಇರಲಿಲ್ಲ. ಗೋಣಿ ಆರ್ಡರ್ ತಡ ಮಾಡಿದ್ದು ನಾವು.

ಕನ್ನಡದಲ್ಲಿ 'ತಡ ಆಯ್ತು' ಅಂದರೆ ಯಾರು ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ, ಮಾತು ಸಲೀಸಾಗಿ ಮುಗಿಯುತ್ತದೆ. ಅದನ್ನೇ 'ದ ಲೋಡ್ ವಾಸ್ ಡಿಲೇಡ್' ಅಂತ ಇಳಿಸಿದರೆ ಓದುವವರಿಗೆ ಏನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಲಾರಿ ಯಾವಾಗ ಹೊರಟಿತು ಅಂತ ಅವರ ಏಜೆಂಟ್ ಒಂದು ಫೋನಿನಲ್ಲಿ ತಿಳ್ಕೋಬಹುದು. ಅದಕ್ಕೆ 'ವಿ ಆರ್ಡರ್ಡ್ ದ ಬ್ಯಾಗ್ಸ್ ಲೇಟ್' ಅಂತಲೇ ಬರೆದು, ರಸ್ತೆಯ ವಿಷಯ ಅದರ ನಂತರ ಹಾಕಿದೆ. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. 'ಇದು ಬೇಕಾ?' ಅಂದರು. 'ಬೇಕು ಸಾರ್, ಆದರೆ ನಷ್ಟ ಕೊಡ್ತೇವೆ ಅಂತ ಎಲ್ಲೂ ಬರೆದಿಲ್ಲ, ಅದು ನೀವು ಯಜಮಾನ್ರ ಹತ್ರ ಕೇಳಿ ಹೇಳ್ಬೇಕಾದ್ದು' ಅಂದೆ.

ಇನ್ನೊಂದು, '24ಕ್ಕೆ ಹೋಗ್ತದೆ.' ನಮಗೆ ಅದು ಅಂದಾಜು ಮಾತ್ರ. 'ವಿಲ್ ಸೇಲ್' ಅಂತ ಬರೆದರೆ ಮಾತು ಕೊಟ್ಟ ಹಾಗೆ, ಮಳೆಗಾಲದಲ್ಲಿ ಎರಡನೇ ಸಲ ಮಾತು ತಪ್ಪುವುದಕ್ಕಿಂತ ಕೆಟ್ಟದ್ದಿಲ್ಲ. 'ಈಸ್ ಶೆಡ್ಯೂಲ್ಡ್ ಟು ಸೇಲ್' ಅಂತ ಹಾಕಿ ಹಡಗಿನ ಹೆಸರು ಸೇರಿಸಿದೆ.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಚೀಟಿಯಲ್ಲೇ ಇರಲಿಲ್ಲ. ಈ ಗಿರಾಕಿ ದುಡ್ಡು ಕೊಡುವುದು ಬ್ಯಾಂಕಿನ ಎಲ್‌ಸಿ ಮೂಲಕ, ಅಂದರೆ ಕಾಗದಗಳು ಷರತ್ತಿನಂತೆ ಇದ್ದರೆ ದುಡ್ಡು ಕೊಡ್ತೇವೆ ಅಂತ ಬ್ಯಾಂಕ್ ಬರೆದುಕೊಡುವ ಪತ್ರದ ಮೂಲಕ. ಅದರಲ್ಲಿ ಸರಕು ಹಡಗಿಗೆ ಹತ್ತಲು ಕೊನೆಯ ದಿನ ಜುಲೈ 20. ಹಡಗಿನ ರಸೀದಿಯಲ್ಲಿ, ಅಂದರೆ ಬಿಲ್ ಆಫ್ ಲೇಡಿಂಗ್‌ನಲ್ಲಿ, 24 ಅಂತ ಇದ್ದರೆ ಬ್ಯಾಂಕ್ ಕಾಗದಗಳನ್ನು ತಪ್ಪಿದೆ ಎಂದು ತಡೆಯಬಹುದು. ಕ್ಷಮೆ ಎಷ್ಟು ಚೆನ್ನಾಗಿ ಕೇಳಿದರೂ ದುಡ್ಡು ನಿಂತೇ ಹೋಗುತ್ತದೆ. ಅದಕ್ಕೆ ಕೊನೆಯ ಪ್ಯಾರಾದಲ್ಲಿ, ದಯವಿಟ್ಟು ಈ ದಿನಾಂಕವನ್ನು ಜುಲೈ 31ಕ್ಕೆ ತಿದ್ದಿಸಿಕೊಡಿ ಅಂತ ನೇರವಾಗಿ ಕೇಳಿದೆ.

ಮೂರನೇ ದಿನ ತಿದ್ದುಪಡಿ ಬಂತು. ಜೊತೆಗೆ ಒಂದೇ ಪ್ರಶ್ನೆ: ಮುಂದಿನ ಲೋಡಿಗೆ ಗೋಣಿ ಈಗಾಗಲೇ ಬಂದಿದೆಯಾ?